ಹಳೆಯ ರೇಷ್ಮೆ ಸೀರೆಗಳ ಮರುಬಳಕೆ (ಗೃಹಾಲಂಕಾರ)

ಹಳೆಯ ರೇಷ್ಮೆ ಸೀರೆಗಳ ಮರುಬಳಕೆ ಎಂಬುದು ಉಡಲು ಯೋಗ್ಯವಲ್ಲದ ರೇಷ್ಮೆ ಸೀರೆಗಳನ್ನು ಕತ್ತರಿಸಿ, ನೇರ ಹೊಲಿಗೆಯ ಮೂಲಕ ಕುಶನ್ ಕವರ್, ಟೇಬಲ್ ರನ್ನರ್, ಪರದೆ ಮೊದಲಾದ ಗೃಹೋಪಯೋಗಿ ವಸ್ತುಗಳನ್ನಾಗಿ ಮಾರ್ಪಡಿಸುವ ಕೆಲಸವಾಗಿದೆ. ಹೊಲಿಗೆ ಸರಳವಾದರೂ ಹಳೆಯ ರೇಷ್ಮೆಯು ಹೊಸ ಬಟ್ಟೆಯಂತೆ ವರ್ತಿಸುವುದಿಲ್ಲ. ನೋಟಕ್ಕೆ ಗಟ್ಟಿಯಾಗಿರುವ ಸೀರೆಯು ಹೊಲಿದ ಕೆಲವೇ ತಿಂಗಳಲ್ಲಿ ಮಡಿಕೆಯ ಗುಂಟ ಸೀಳುವುದುಂಟು. ಆದ್ದರಿಂದ ಬಟ್ಟೆಯ ಯಾವ ಭಾಗ ಎಷ್ಟು ಬಲವಾಗಿದೆ ಎಂದು ಪರೀಕ್ಷಿಸುವುದು, ಆ ಬಲಕ್ಕೆ ತಕ್ಕ ವಸ್ತುವನ್ನು ಆರಿಸುವುದು ಮತ್ತು ಭಾರವನ್ನು ರೇಷ್ಮೆಯ ಬದಲು ಹತ್ತಿಯ ಲೈನಿಂಗ್ ಬಟ್ಟೆ ಹೊರುವಂತೆ ಮಾಡುವುದು ಈ ಕೆಲಸದ ಮುಖ್ಯ ಅಂಶಗಳಾಗಿವೆ.

## ಹಿನ್ನೆಲೆ

ಹಳೆಯ ಸೀರೆಗಳನ್ನು ಮನೆಬಳಕೆಯ ವಸ್ತುಗಳಾಗಿ ಹೊಲಿಯುವ ರೂಢಿ ಭಾರತದ ಹಲವು ಭಾಗಗಳಲ್ಲಿದೆ. ಉತ್ತರ ಕರ್ನಾಟಕದ ಕೌದಿ, ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ಕವಂದ್, ಬಂಗಾಳದ ಕಾಂಥಾ ಇದಕ್ಕೆ ಉದಾಹರಣೆಗಳು. ಇವುಗಳಲ್ಲಿ ಸವೆದ ಬಟ್ಟೆಯನ್ನು ಒಂಟಿಯಾಗಿ ಬಳಸುವುದಿಲ್ಲ. ಹಲವು ಪದರಗಳನ್ನು ಒಂದರ ಮೇಲೊಂದು ಹಾಸಿ, ಒತ್ತಾದ ಓಡುಹೊಲಿಗೆಯಿಂದ ಜೋಡಿಸಲಾಗುತ್ತದೆ. ಒಂದು ಪದರದ ದುರ್ಬಲ ಜಾಗವನ್ನು ಇನ್ನೊಂದು ಪದರ ಹಿಡಿದಿಡುತ್ತದೆ. ರೇಷ್ಮೆಯ ಕುಶನ್ ಕವರ್ ಮತ್ತು ರನ್ನರ್‌ಗಳ ಹಿಂದೆ ಹತ್ತಿಯ ಪದರ ಕೊಡುವುದರ ಹಿಂದಿರುವುದೂ ಇದೇ ತತ್ತ್ವ.

## ಹಳೆಯ ರೇಷ್ಮೆ ದುರ್ಬಲವಾಗುವ ಕಾರಣಗಳು

ರೇಷ್ಮೆಯು ಫೈಬ್ರಾಯಿನ್ ಎಂಬ ಪ್ರೋಟೀನಿನಿಂದಾದ ನೂಲು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು, ಬೆವರು ಹಾಗೂ ಕ್ಷಾರ ಹೆಚ್ಚಿರುವ ಸಾಬೂನುಗಳು ಈ ಪ್ರೋಟೀನನ್ನು ಕ್ರಮೇಣ ಒಡೆಯುತ್ತವೆ. ಬಣ್ಣ ಮಾಸುವ ಮೊದಲೇ ನೂಲಿನ ಬಲ ಕುಗ್ಗಿರಬಹುದು. ಹೀಗಾಗಿ ಬಣ್ಣವನ್ನು ನೋಡಿ ಬಟ್ಟೆಯ ಬಲವನ್ನು ಅಳೆಯಲಾಗದು.

ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ರೀತಿ ಮಡಚಿಟ್ಟ ಸೀರೆಯಲ್ಲಿ ಮಡಿಕೆಯ ಗೆರೆಗಳು ಮೊದಲು ಸೀಳುತ್ತವೆ. ಜರಿ ಇರುವಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಬಿರುಸಾದ ಲೋಹದ ಎಳೆಯು ಪಕ್ಕದ ರೇಷ್ಮೆ ಎಳೆಯನ್ನು ಮಡಿಕೆಯಲ್ಲಿ ಉಜ್ಜುತ್ತಿರುತ್ತದೆ. ಸಾಮಾನ್ಯವಾಗಿ ಸೀರೆಯನ್ನು ಅಗಲದಲ್ಲಿ ಎರಡಾಗಿ ಮಡಚುವುದರಿಂದ ನಟ್ಟನಡುವೆ ಉದ್ದಕ್ಕೂ ಒಂದು ಗೆರೆ ಇರುತ್ತದೆ. ಇದರ ಜೊತೆಗೆ ಅಡ್ಡಲಾಗಿ ಹಲವು ಗೆರೆಗಳಿರುತ್ತವೆ.

ಕೈಮಗ್ಗದ ಸೀರೆಗಳಲ್ಲಿ ಜೋಡಣೆಯ ಜಾಗಗಳೂ ಗಮನಾರ್ಹ. ಕಾಂಚೀಪುರದ ಕೊರ್ವೈ ಸೀರೆಯಲ್ಲಿ ಒಡಲು ಮತ್ತು ಅಂಚನ್ನು ಬೇರೆ ಬೇರೆ ಹೊಕ್ಕಿನ ಎಳೆಗಳಿಂದ ನೇಯ್ದು ಪರಸ್ಪರ ಹೆಣೆಯಲಾಗಿರುತ್ತದೆ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಸೇರಿಸುವ ಕೊಂಡಿ ತಂತ್ರವಿದೆ. ಸೀರೆ ಹಳೆಯದಾದಾಗ ಇಂತಹ ಜೋಡಣೆಯ ಗೆರೆಯು ಬಿಡಿಸಿಕೊಳ್ಳಬಹುದು. ಕತ್ತರಿ ಅಲ್ಲಿಯೇ ಬಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ಕತ್ತರಿಸುವ ಗೆರೆಯನ್ನು ಜೋಡಣೆಯಿಂದ ಎರಡು-ಮೂರು ಸೆಂ.ಮೀ. ದೂರದಲ್ಲಿ ಇರಿಸಿಕೊಳ್ಳುವುದು ಕ್ರಮ.

## ಕತ್ತರಿಸುವ ಮುನ್ನ ಪರೀಕ್ಷೆ

ಮೊದಲು ಫಾಲ್, ಪಿಕೋ ದಾರ ಮತ್ತು ಸೆರಗಿನ ಕುಚ್ಚುಗಳನ್ನು ಬಿಚ್ಚಲಾಗುತ್ತದೆ. ಫಾಲಿನ ಅಡಿಯಲ್ಲಿ ಧೂಳು ಸೇರಿಕೊಂಡಿರುವುದರಿಂದ ಅದನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು. ನಂತರ ಮೂರು ಪರೀಕ್ಷೆಗಳನ್ನು ಮಾಡಲಾಗುತ್ತದೆ.

ಬೆಳಕಿನ ಪರೀಕ್ಷೆ: ಸೀರೆಯನ್ನು ಕಿಟಕಿಗೆ ಎದುರಾಗಿ ಹಿಡಿದು ಮೀಟರಿಗೊಮ್ಮೆ ಸರಿಸುತ್ತಾ ನೋಡಬೇಕು. ಸೇಫ್ಟಿ ಪಿನ್ನಿನ ತೂತುಗಳು, ಕೀಟ ತಿಂದ ಜಾಗಗಳು ಮತ್ತು ಮಡಿಕೆಯ ಸೀಳುಗಳು ಬೆಳಕಿನ ಚುಕ್ಕೆ ಅಥವಾ ಗೆರೆಗಳಾಗಿ ಕಾಣುತ್ತವೆ. ಪ್ರತಿಯೊಂದಕ್ಕೂ ಬಣ್ಣದ ದಾರದಿಂದ ಒಂದು ಸಡಿಲ ಗುರುತು ಹಾಕಬಹುದು. ಪೆನ್ನಿನ ಗುರುತು ಅಳಿಸುವುದಿಲ್ಲ.

ಎಳೆತದ ಪರೀಕ್ಷೆ: ಐದು ಸೆಂ.ಮೀ. ಅಂತರದಲ್ಲಿ ಬಟ್ಟೆಯನ್ನು ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಮೊದಲು ಉದ್ದಕ್ಕೆ, ನಂತರ ಅಗಲಕ್ಕೆ ಮೆಲ್ಲನೆ ಎಳೆಯಬೇಕು. ಬಟ್ಟೆ ಹಿಡಿತವನ್ನು ತಡೆದುಕೊಂಡರೆ ಅದು ಯೋಗ್ಯ. ಎಳೆಗಳು ಸರಿದು ಜಾಳಾದರೆ ಲೈನಿಂಗ್ ಕಡ್ಡಾಯ. ಸಣ್ಣ ಚರ್ ಸದ್ದಿನೊಂದಿಗೆ ಬಿರಿದರೆ ಆ ಭಾಗವನ್ನು ಬಿಟ್ಟುಬಿಡಬೇಕು. ಹೊಟ್ಟೆಯ ಬಳಿ ಸಿಕ್ಕಿಸುವ ಒಳತುದಿಯು ಬೆವರಿನಿಂದ ಹೀಗಾಗಿರುವುದು ಸಾಮಾನ್ಯ.

ಬಣ್ಣ ಮತ್ತು ಜರಿಯ ಪರೀಕ್ಷೆ: ಒದ್ದೆಯಾದ ಬಿಳಿ ಹತ್ತಿ ಬಟ್ಟೆಯನ್ನು ಸೀರೆಯ ಹಿಂಬದಿಗೆ ಒತ್ತಿ ಹಿಡಿದಾಗ ಬಣ್ಣ ಅಂಟಿಕೊಂಡರೆ, ಆ ಬಟ್ಟೆಯಿಂದ ಮಾಡಿದ ವಸ್ತುವನ್ನು ನೀರಿನಲ್ಲಿ ತೊಳೆಯುವಂತಿಲ್ಲ. ಜರಿಯ ಒಂದು ಎಳೆಯನ್ನು ಕೆರೆದು ನೋಡುವುದೂ ಅಗತ್ಯ. ಸಾಂಪ್ರದಾಯಿಕ ಅಸಲಿ ಜರಿಯಲ್ಲಿ ರೇಷ್ಮೆ ನೂಲಿನ ಸುತ್ತ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅಗ್ಗದ ಜರಿಯಲ್ಲಿ ತಾಮ್ರದ ತಂತಿ ಅಥವಾ ಲೋಹದ ಹೊಳಪಿನ ಪಾಲಿಯೆಸ್ಟರ್ ಇರುತ್ತದೆ. ಅಸಲಿ ಜರಿಯ ಸೀರೆಗೆ ಅದರ ಬೆಳ್ಳಿಯಿಂದಲೇ ಮಾರುಕಟ್ಟೆಯಲ್ಲಿ ಬೆಲೆ ಇರುವುದರಿಂದ ಕತ್ತರಿಸುವ ಮೊದಲು ಇದನ್ನು ತಿಳಿದಿರಬೇಕು.

## ಯಾವ ಬಟ್ಟೆಗೆ ಯಾವ ವಸ್ತು

ಮೂರೂ ವಸ್ತುಗಳು ಬಟ್ಟೆಯ ಮೇಲೆ ಹಾಕುವ ಒತ್ತಡ ಒಂದೇ ಅಲ್ಲ. ಟೇಬಲ್ ರನ್ನರ್ ಮೇಜಿನ ಮೇಲೆ ಸುಮ್ಮನೆ ಹಾಸಿರುವುದರಿಂದ ಅದಕ್ಕೆ ಎಳೆತ ಕಡಿಮೆ. ನೂಲು ಸ್ವಲ್ಪ ಸಡಿಲವಾಗಿರುವ ಬಟ್ಟೆಯೂ ಇದಕ್ಕೆ ಆಗುತ್ತದೆ. ಕುಶನ್ ಕವರಿಗೆ ಒಳಗಿನ ತುಂಬುವಿಕೆಯ ಎಳೆತ ಮತ್ತು ಬೆನ್ನಿನ ಉಜ್ಜಾಟ ಎರಡೂ ಇರುವುದರಿಂದ ಎಳೆತದ ಪರೀಕ್ಷೆಯಲ್ಲಿ ಗೆದ್ದ ಭಾಗವೇ ಬೇಕು. ಪರದೆಯು ತನ್ನ ತೂಕವನ್ನು ತಾನೇ ಹೊತ್ತು ನೇತಾಡುತ್ತದೆ ಮತ್ತು ದಿನವಿಡೀ ಬೆಳಕಿಗೆ ಒಡ್ಡಿಕೊಂಡಿರುತ್ತದೆ. ಆದ್ದರಿಂದ ಅಗಲ ಮತ್ತು ಉದ್ದ ಎರಡರಲ್ಲೂ ಗಟ್ಟಿಯಾಗಿರುವ ಸೀರೆಗೆ ಮಾತ್ರ ಪರದೆ ಸೂಕ್ತ. ದೊಡ್ಡ ಬಟ್ಟೆ ಇದ್ದಷ್ಟೂ ಪರದೆ ಮಾಡುವುದು ಸುಲಭ ಎಂದು ತೋರಿದರೂ, ಹಳೆಯ ರೇಷ್ಮೆಗೆ ಅದೇ ಅತ್ಯಂತ ಕಠಿಣ ಬಳಕೆ.

## ಹೊಲಿಗೆಯ ಸಿದ್ಧತೆ

ಲೈನಿಂಗ್‌ಗೆ ಸಾದಾ ಹತ್ತಿಯ ಬಟ್ಟೆಯನ್ನು ಬಳಸಲಾಗುತ್ತದೆ. ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ನಂತರವೇ ಕತ್ತರಿಸಬೇಕು. ಹಾಗೆ ಮಾಡದಿದ್ದರೆ ಮೊದಲ ಒಗೆತದಲ್ಲಿ ಹತ್ತಿ ಕುಗ್ಗಿ ರೇಷ್ಮೆ ಸುಕ್ಕುಗಟ್ಟುತ್ತದೆ.

ರೇಷ್ಮೆಗೆ ಹೊಲಿಗೆ ಯಂತ್ರದಲ್ಲಿ 11ನೇ ನಂಬರಿನ ಹೊಸ ಸೂಜಿ ಸೂಕ್ತ. ಮೊಂಡಾದ ಸೂಜಿ ಎಳೆಯನ್ನು ಸರಿಸದೆ ಎಳೆದು ತರುವುದರಿಂದ ಹೊಲಿಗೆಯಿಂದ ಅಡ್ಡಕ್ಕೆ ಒಂದು ಗೆರೆ ಓಡುತ್ತದೆ. ಈ ಗೆರೆ ಕಂಡಾಗ ತಕ್ಷಣ ಸೂಜಿ ಬದಲಿಸಬೇಕು. ಜರಿ ದಟ್ಟವಾಗಿರುವ ಸೆರಗನ್ನು ಲೈನಿಂಗ್ ಸಹಿತ ಹೊಲಿಯುವಾಗ 14ನೇ ನಂಬರಿನ ಸೂಜಿ ಬೇಕಾಗಬಹುದು. ಒಂದು ಸೆಂ.ಮೀ.ಗೆ ನಾಲ್ಕೈದು ಹೊಲಿಗೆಗಳಿದ್ದರೆ ಸಾಕು. ಅದಕ್ಕಿಂತ ಒತ್ತಾದರೆ ತೂತುಗಳು ಸಾಲಾಗಿ ಬಿದ್ದು, ಅಂಚೆಚೀಟಿಯ ಹಾಳೆಯಂತೆ ಬಟ್ಟೆ ಅಲ್ಲಿಯೇ ಹರಿಯುತ್ತದೆ. ಹಾಗೆಯೇ ಹೊಲಿಗೆಯ ಮಾರ್ಜಿನ್ ಒಂದೂವರೆ ಸೆಂ.ಮೀ.ಗಿಂತ ಕಡಿಮೆಯಾದರೆ ನುಣುಪಾದ ಎಳೆಗಳು ಹೊಲಿಗೆಯಿಂದ ಜಾರಿ ಹೊರಬರುತ್ತವೆ. ಗುಂಡುಪಿನ್ನುಗಳನ್ನು ಮಾರ್ಜಿನ್ನಿನೊಳಗೆ ಮಾತ್ರ ಚುಚ್ಚಬೇಕು.

ಹಳೆಯ ರೇಷ್ಮೆಯನ್ನು ಕೈಯಿಂದ ಹರಿದರೆ ಸೀಳು ಬೇಕಾದ ಕಡೆ ನಿಲ್ಲುವುದಿಲ್ಲ. ಅಗಲಕ್ಕೆ ನೇರ ಗೆರೆ ಬೇಕಾದಾಗ ಹೊಕ್ಕಿನ ಒಂದು ಎಳೆಯನ್ನು ಎಳೆದು ತೆಗೆದು, ಅಲ್ಲಿ ಮೂಡುವ ಸಣ್ಣ ಗೆರೆಯ ಮೇಲೆ ಕತ್ತರಿಸಲಾಗುತ್ತದೆ. ಎಳೆ ನಡುವೆ ತುಂಡಾಗುತ್ತಿದ್ದರೆ ಅಳತೆಪಟ್ಟಿ ಹಿಡಿದು ಬಟ್ಟೆಯ ಚಾಕ್‌ನಿಂದ ಗೆರೆ ಎಳೆಯಬೇಕು. ಇಸ್ತ್ರಿಯನ್ನು ರೇಷ್ಮೆಯ ಶಾಖಕ್ಕೆ ಇಟ್ಟು, ಹಿಂಬದಿಯಿಂದ, ನಡುವೆ ಒಣ ಹತ್ತಿ ಬಟ್ಟೆ ಹಾಕಿ ಒತ್ತಲಾಗುತ್ತದೆ. ನೀರು ಚಿಮುಕಿಸಿದರೆ ಹನಿಯ ಕಲೆ ಉಳಿಯಬಹುದು.

## ಒಂದು ಸೀರೆಯ ಉದಾಹರಣೆ

ಐದೂವರೆ ಮೀಟರ್ ಉದ್ದ, 115 ಸೆಂ.ಮೀ. ಅಗಲದ ಒಂದು ಸೀರೆಯನ್ನು ಪರಿಗಣಿಸಬಹುದು. ಎರಡೂ ಬದಿಯಲ್ಲಿ 8 ಸೆಂ.ಮೀ. ಅಂಚು ಮತ್ತು ಕೊನೆಯಲ್ಲಿ 75 ಸೆಂ.ಮೀ. ಸೆರಗು ಇದೆ. ಜರಿ ತಾಮ್ರದ್ದು. ಪರೀಕ್ಷೆಯಲ್ಲಿ ಎರಡು ದೋಷಗಳು ಕಂಡಿವೆ: ಒಳತುದಿಯ 100 ಸೆಂ.ಮೀ. ಬೆವರಿನಿಂದ ಬಿರಿಯುತ್ತದೆ, ಮತ್ತು ನಡುವಿನ ಮಡಿಕೆಯ ಗೆರೆ ಉದ್ದಕ್ಕೂ ಜಾಳಾಗಿದೆ. ಉಳಿದ ಭಾಗ ಎಳೆತವನ್ನು ತಡೆಯುತ್ತದೆ.

ನಡುಗೆರೆ ದುರ್ಬಲವಾಗಿರುವುದರಿಂದ ಈ ಸೀರೆ ಪರದೆಗೆ ಒದಗುವುದಿಲ್ಲ. ಸೀರೆಯ ಅಗಲವನ್ನು ಪರದೆಯ ಎತ್ತರವಾಗಿ ತೂಗುಹಾಕಿದರೆ ಕೆಳಗಿನ ಅರ್ಧದ ಭಾರವೆಲ್ಲ ಅದೇ ಗೆರೆಯ ಮೇಲೆ ಬೀಳುತ್ತದೆ. ಉದ್ದವನ್ನು ಎತ್ತರವಾಗಿ ತೂಗಿದರೆ ಪರದೆಯನ್ನು ಸರಿಸಿದಾಗಲೆಲ್ಲ ನಡುವೆ ಸೀಳುವ ಸಾಧ್ಯತೆಯಿದೆ. ಆದ್ದರಿಂದ ಗೆರೆಯನ್ನು ತಪ್ಪಿಸಿ ಒಂದು ರನ್ನರ್ ಹಾಗೂ ಆರು ಕುಶನ್ ಕವರ್‌ಗಳನ್ನು ಹೀಗೆ ಯೋಜಿಸಬಹುದು. ಅಳತೆ ಒಳತುದಿಯಿಂದ ಆರಂಭವಾಗುತ್ತದೆ.

* 0–100 ಸೆಂ.ಮೀ.: ಕೈಬಿಡುವ ಭಾಗ
* 100–290 ಸೆಂ.ಮೀ.: ರನ್ನರ್‌ಗೆ ಅಂಚು ಸಹಿತ ಎರಡು ಪಟ್ಟಿಗಳು
* 290–475 ಸೆಂ.ಮೀ.: ಒಂದು ಬದಿಯ ಅರ್ಧ ಅಗಲದಲ್ಲಿ ಸಾಲಾಗಿ ನಾಲ್ಕು ಚೌಕಗಳು
* 475–550 ಸೆಂ.ಮೀ.: ಸೆರಗಿನಲ್ಲಿ ನಡುಗೆರೆಯ ಎರಡೂ ಬದಿಗೆ ಒಂದೊಂದು ಚೌಕ

### ಟೇಬಲ್ ರನ್ನರ್

ಸೀರೆಯ ಎರಡೂ ಬದಿಯಿಂದ 20 ಸೆಂ.ಮೀ. ಅಗಲ, 190 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಬೇಕು. ಪ್ರತಿ ಪಟ್ಟಿಯಲ್ಲಿ 8 ಸೆಂ.ಮೀ. ಅಂಚು ಮತ್ತು 12 ಸೆಂ.ಮೀ. ಒಡಲು ಇರುತ್ತದೆ. ಒಡಲಿನ ಬದಿಗಳನ್ನು ಎದುರುಬದುರಾಗಿ ಇಟ್ಟು ಒಂದೂವರೆ ಸೆಂ.ಮೀ. ಮಾರ್ಜಿನ್ನಿನಲ್ಲಿ ಹೊಲಿದಾಗ 37 ಸೆಂ.ಮೀ. ಅಗಲದ ಒಂದೇ ಪಟ್ಟಿಯಾಗಿ, ಎರಡೂ ಕಡೆ ಅಂಚು ಬರುತ್ತದೆ. ಮಾರ್ಜಿನ್ ಅನ್ನು ಬಿಡಿಸಿ ಇಸ್ತ್ರಿ ಮಾಡಬೇಕು.

ಇದೇ ಅಳತೆಯ ಹತ್ತಿ ಬಟ್ಟೆಯನ್ನು ಇದರ ಮೇಲಿಟ್ಟು, ಎರಡರ ಮುಂಬದಿಗಳೂ ಒಳಗೆ ಬರುವಂತೆ ನೋಡಿಕೊಳ್ಳಬೇಕು. ನಂತರ ಉದ್ದದ ಬದಿಗಳಲ್ಲಿ ಒಂದು ಸೆಂ.ಮೀ., ತುದಿಗಳಲ್ಲಿ ಒಂದೂವರೆ ಸೆಂ.ಮೀ. ಒಳಗೆ ಸುತ್ತಲೂ ಹೊಲಿಯಲಾಗುತ್ತದೆ. ಇಲ್ಲಿ ಸೀರೆಯ ನೇಯ್ದ ಕೊನೆಯೇ ಹೊರಬದಿಯಾಗಿರುವುದರಿಂದ ಎಳೆ ಜಾರುವ ಭಯವಿಲ್ಲ, ಒಂದು ಸೆಂ.ಮೀ. ಸಾಕು. ಉದ್ದದ ಒಂದು ಬದಿಯಲ್ಲಿ 15 ಸೆಂ.ಮೀ. ತೆರೆದು ಬಿಟ್ಟು, ಅದರ ಮೂಲಕ ಮಗುಚಿ, ತೆರವನ್ನು ಕೈಹೊಲಿಗೆಯಿಂದ ಮುಚ್ಚಬೇಕು. ಸಿದ್ಧವಾದ ರನ್ನರ್ 35 ಸೆಂ.ಮೀ. ಅಗಲ, 187 ಸೆಂ.ಮೀ. ಉದ್ದವಿರುತ್ತದೆ. ಒಂದೂವರೆ ಮೀಟರ್ ಉದ್ದದ ಮೇಜಿನ ಎರಡೂ ತುದಿಯಲ್ಲಿ ಇದು ಸುಮಾರು 18 ಸೆಂ.ಮೀ. ಇಳಿಬೀಳುತ್ತದೆ. ಆರಂಭದಲ್ಲಿ ಬಿಚ್ಚಿಟ್ಟ ಕುಚ್ಚುಗಳನ್ನು ತುದಿಗಳಿಗೆ ಹೊಲಿಯಬಹುದು.

### ಕುಶನ್ ಕವರ್

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ 16 ಇಂಚಿನ, ಅಂದರೆ ಸುಮಾರು 40 ಸೆಂ.ಮೀ.ನ ಕುಶನ್ನಿಗೆ ಮುಂಭಾಗದ ಚೌಕ 43 ಸೆಂ.ಮೀ. ಇರಬೇಕು. ಸೀರೆಯ ಅರ್ಧ ಅಗಲ 57.5 ಸೆಂ.ಮೀ. ಇರುವುದರಿಂದ, ಚೌಕವನ್ನು ಅಂಚಿನ ಕಡೆಯಿಂದ ಅಳೆದರೆ ನಡುಗೆರೆಯು 14 ಸೆಂ.ಮೀ.ಗೂ ಹೆಚ್ಚು ದೂರ ಉಳಿಯುತ್ತದೆ. ನಾಲ್ಕು ಚೌಕಗಳಿಗೆ 172 ಸೆಂ.ಮೀ. ಉದ್ದ ಸಾಕಾಗುವುದರಿಂದ ಅಡ್ಡ ಮಡಿಕೆಗಳು ಮತ್ತು ಸೆರಗಿನ ಜೋಡಣೆಯನ್ನು ತಪ್ಪಿಸಲು 13 ಸೆಂ.ಮೀ. ಉಳಿಯುತ್ತದೆ.

ಪ್ರತಿ ರೇಷ್ಮೆ ಚೌಕದ ಹಿಂದೆ ಅದೇ ಅಳತೆಯ ಹತ್ತಿಯ ಚೌಕವನ್ನಿಟ್ಟು ಸುತ್ತಲೂ ಕಚ್ಚಾ ಹೊಲಿಗೆ ಹಾಕಲಾಗುತ್ತದೆ. ಅಲ್ಲಿಂದ ಮುಂದೆ ಎರಡನ್ನೂ ಒಂದೇ ಬಟ್ಟೆಯೆಂದು ಪರಿಗಣಿಸಬೇಕು. ಹಿಂಭಾಗವನ್ನು ಹತ್ತಿಯಿಂದಲೇ ಮಾಡುವುದು ಬಾಳಿಕೆಗೆ ಒಳ್ಳೆಯದು. ಇದಕ್ಕೆ 43×29 ಸೆಂ.ಮೀ. ಅಳತೆಯ ಎರಡು ತುಂಡುಗಳು ಬೇಕು. ಪ್ರತಿ ತುಂಡಿನ ಒಂದು ಉದ್ದ ಬದಿಯನ್ನು ಮೊದಲು 1 ಸೆಂ.ಮೀ., ನಂತರ 1.5 ಸೆಂ.ಮೀ. ಮಡಚಿ ಹೊಲಿದಾಗ 26.5 ಸೆಂ.ಮೀ. ಉಳಿಯುತ್ತದೆ.

ಮುಂಭಾಗವನ್ನು ರೇಷ್ಮೆ ಮೇಲೆ ಬರುವಂತೆ ಹಾಸಿ, ಎರಡು ಹಿಂಭಾಗಗಳನ್ನು ಮುಂಬದಿ ಕೆಳಗಾಗಿಸಿ ಅದರ ಮೇಲಿಡಬೇಕು. ಮಡಚಿ ಹೊಲಿದ ಬದಿಗಳು ನಡುವೆ ಒಂದರ ಮೇಲೊಂದು 10 ಸೆಂ.ಮೀ. ಬರುತ್ತವೆ. ಸುತ್ತಲೂ ಒಂದೂವರೆ ಸೆಂ.ಮೀ. ಒಳಗೆ ಹೊಲಿದು, ಕಚ್ಚಾ ಬದಿಗಳಿಗೆ ಅಂಕುಡೊಂಕು ಹೊಲಿಗೆ ಅಥವಾ ಓವರ್‌ಲಾಕ್ ಹಾಕಿ, ನಡುವಿನ ತೆರವಿನಿಂದ ಮಗುಚಿದರೆ ಕವರ್ ಸಿದ್ಧ. ಜಿಪ್ ಅಗತ್ಯವಿಲ್ಲ. ಹೊಸ ಬಟ್ಟೆಯ ಕವರಿಗೆ ಉಬ್ಬು ಬರಲೆಂದು ಅಳತೆಗಿಂತ ದೊಡ್ಡ ಕುಶನ್ ತುರುಕುವ ರೂಢಿಯಿದೆ. ಹಳೆಯ ರೇಷ್ಮೆಯಲ್ಲಿ ಹಾಗೆ ಮಾಡಿದರೆ ಮೂಲೆಗಳ ಬಳಿ ಎಳೆ ಸರಿಯುತ್ತದೆ.

ಸೆರಗಿನ ಎರಡು ಚೌಕಗಳನ್ನೂ ಇದೇ ರೀತಿ ಹೊಲಿಯಲಾಗುತ್ತದೆ. ಹೆಗಲ ಬಳಿಯ ಪಿನ್ನಿನ ತೂತುಗಳು ಚೌಕದ ನಡುವೆ ಬಾರದಂತೆ ನೋಡಿಕೊಳ್ಳಬೇಕು. ಒಂದೆರಡು ತೂತುಗಳು ಅನಿವಾರ್ಯವಾದರೆ ಲೈನಿಂಗ್‌ಗೆ ಅದೇ ಬಣ್ಣದ ಬಟ್ಟೆ ಬಳಸಿದಾಗ ಅವು ಎದ್ದು ಕಾಣುವುದಿಲ್ಲ.

### ಬೇಕಾಗುವ ಹತ್ತಿ ಬಟ್ಟೆ

ಈ ರನ್ನರ್ ಮತ್ತು ಆರು ಕವರ್‌ಗಳಿಗೆ 90 ಸೆಂ.ಮೀ. ಅಗಲದ ಹತ್ತಿ ಬಟ್ಟೆ ಸುಮಾರು ಐದು ಮೀಟರ್ ಹಿಡಿಯುತ್ತದೆ. ನೆನೆಸಿದಾಗ ಕುಗ್ಗುವುದನ್ನು ಸೇರಿಸಿ ಐದೂಕಾಲು ಮೀಟರ್ ಕೊಳ್ಳಬೇಕಾಗುತ್ತದೆ. ಒಂದು ಸೀರೆಗೆ ಹೆಚ್ಚುಕಡಿಮೆ ಸೀರೆಯಷ್ಟೇ ಉದ್ದದ ಲೈನಿಂಗ್ ಬೇಕು ಎಂಬುದನ್ನು ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳಿತು.

## ಗಟ್ಟಿಯಾದ ಸೀರೆಯಿಂದ ಪರದೆ

ನಡುಗೆರೆ ಗಟ್ಟಿಯಾಗಿರುವ ಬೇರೊಂದು ಸೀರೆಯಿದ್ದರೆ ಅದರ ಅಗಲವನ್ನೇ ಎತ್ತರವಾಗಿಸಿ ಚಿಕ್ಕ ಕಿಟಕಿಗೆ ಪರದೆ ಮಾಡಬಹುದು. ಆಗ ಒಂದು ಅಂಚು ಪರದೆಯ ಕೆಳಗೆ ಬರುತ್ತದೆ, ಇನ್ನೊಂದು ಅಂಚನ್ನು ಮೇಲೆ ಮಡಚಿದರೆ ರಾಡ್ ತೂರಿಸುವ ಜಾಗವಾಗುತ್ತದೆ. ಎರಡೂ ಕಡೆ ನೇಯ್ದ ಕೊನೆಯೇ ಇರುವುದರಿಂದ ಅಲ್ಲಿ ಇಮ್ಮಡಿ ಮಡಿಕೆ ಬೇಕಿಲ್ಲ. 90 ಸೆಂ.ಮೀ. ಅಗಲದ ಕಿಟಕಿಗೆ ನೆರಿಗೆ ಬರಬೇಕಾದರೆ ಸುಮಾರು ಎರಡು ಪಟ್ಟು, ಅಂದರೆ 180 ಸೆಂ.ಮೀ. ಉದ್ದದ ಸೀರೆಯನ್ನು ತೆಗೆದುಕೊಂಡು ಎರಡು ಭಾಗ ಮಾಡಬೇಕು. ಮೇಲಿನ 8 ಸೆಂ.ಮೀ. ಅಂಚು ಮಡಚಿದ ನಂತರ 107 ಸೆಂ.ಮೀ. ಎತ್ತರ ದೊರೆಯುತ್ತದೆ.

ಹತ್ತಿಯ ಲೈನಿಂಗ್ ಅನ್ನು ಮೇಲಿನ ಮಡಿಕೆಯೊಳಗೆ ಸೇರಿಸಿ ಹೊಲಿದು, ಕೆಳಗೆ ರೇಷ್ಮೆಗಿಂತ 2 ಸೆಂ.ಮೀ. ಗಿಡ್ಡವಾಗಿ ಸ್ವತಂತ್ರವಾಗಿ ಬಿಡಲಾಗುತ್ತದೆ. ಎರಡೂ ಪದರಗಳನ್ನು 30 ಸೆಂ.ಮೀ.ಗೊಮ್ಮೆ ಮೇಲಿನಿಂದ ಕೆಳಕ್ಕೆ ಸಡಿಲವಾದ ಕೈಹೊಲಿಗೆಯಿಂದ ಹಿಡಿದರೆ ರೇಷ್ಮೆಯ ತೂಕದ ಒಂದು ಪಾಲನ್ನು ಹತ್ತಿ ಹೊರುತ್ತದೆ. ಲೈನಿಂಗ್ ಯಾವಾಗಲೂ ಕಿಟಕಿಯ ಕಡೆಗಿರಬೇಕು. ಪಶ್ಚಿಮದ ಬಿಸಿಲು ನೇರವಾಗಿ ಬೀಳುವ ಕಿಟಕಿಯಲ್ಲಿ ಲೈನಿಂಗ್ ಇದ್ದರೂ ಹಳೆಯ ರೇಷ್ಮೆ ಬಹುಕಾಲ ಉಳಿಯುವುದಿಲ್ಲ. ಒಳಬಾಗಿಲು, ಕಪಾಟಿನ ಮುಂಭಾಗ ಅಥವಾ ನೆರಳಿರುವ ಕಿಟಕಿ ಇದಕ್ಕೆ ಸೂಕ್ತ.

## ನಿರ್ವಹಣೆ

ಬಣ್ಣ ಬಿಡದ, ಜರಿ ಕಡಿಮೆಯಿರುವ ಕವರ್‌ಗಳನ್ನು ಅಂಟುವಾಳದ ಕಾಯಿ ನೆನೆಸಿದ ನೀರಿನಲ್ಲಿ ಕೈಯಿಂದ ಅದ್ದಿ ತೆಗೆದು, ಹಿಂಡದೆ, ನೆರಳಿನಲ್ಲಿ ಒಣಗಿಸಬಹುದು. ಕ್ಲೋರಿನ್ ಬ್ಲೀಚ್ ರೇಷ್ಮೆಯನ್ನು ಕರಗಿಸುವುದರಿಂದ ಅದನ್ನು ಬಳಸಬಾರದು. ಮೈಸೂರು ರೇಷ್ಮೆಯಂತಹ ಕ್ರೇಪ್ ಬಟ್ಟೆಯಲ್ಲಿ ನೂಲಿಗೆ ಹೆಚ್ಚಿನ ಹುರಿ ಇರುವುದರಿಂದ ನೀರು ತಾಗಿದಾಗ ಅದು ಕುಗ್ಗುತ್ತದೆ. ಅಂತಹವುಗಳಿಗೆ ಹಾಗೂ ದಟ್ಟ ಜರಿಯ ಸೆರಗಿಗೆ ಡ್ರೈಕ್ಲೀನಿಂಗ್ ಸುರಕ್ಷಿತ. ರನ್ನರ್ ಮೇಲೆ ಸಾರು ಅಥವಾ ಎಣ್ಣೆ ಬಿದ್ದರೆ ಉಜ್ಜದೆ, ಒಣ ಬಟ್ಟೆಯಿಂದ ಒತ್ತಿ ಹೀರಬೇಕು. ಬಳಸದಿರುವಾಗ ರನ್ನರನ್ನು ಮಡಚುವ ಬದಲು ಸುರುಳಿ ಸುತ್ತಿಟ್ಟರೆ ಹೊಸ ಮಡಿಕೆಯ ಗೆರೆಗಳು ಮೂಡುವುದಿಲ್ಲ.

## ಇತಿಮಿತಿಗಳು

ಒಮ್ಮೆ ಕತ್ತರಿಸಿದ ಸೀರೆಯನ್ನು ಮತ್ತೆ ಸೀರೆಯಾಗಿಸಲು ಆಗುವುದಿಲ್ಲ. ಅಂಚು ಮತ್ತು ಸೆರಗು ಗಟ್ಟಿಯಿದ್ದು ಒಡಲು ಮಾತ್ರ ಹರಿದಿದ್ದರೆ, ಅವೆರಡನ್ನು ಬಿಡಿಸಿ ಹೊಸ ಒಡಲಿಗೆ ಹೊಲಿದು ಉಡುವ ಮಾರ್ಗವೂ ಇದೆ. ಅಸಲಿ ಜರಿಯ ಸೀರೆ, ಈಗ ನೇಯದ ವಿನ್ಯಾಸದ ಕೈಮಗ್ಗದ ಸೀರೆ ಮತ್ತು ಕುಟುಂಬದಲ್ಲಿ ಹಲವರು ಹಕ್ಕಿರುವುದೆಂದು ಭಾವಿಸುವ ಧಾರೆ ಸೀರೆಗಳ ವಿಷಯದಲ್ಲಿ ಕತ್ತರಿ ಕೊನೆಯ ಆಯ್ಕೆಯಾಗಿರುತ್ತದೆ. ಎಳೆತದ ಪರೀಕ್ಷೆಯಲ್ಲಿ ಎಲ್ಲೆಡೆ ಬಿರಿಯುವ ಸೀರೆಯನ್ನು ಹೊಲಿಯಲು ಆಗದು. ಅಂತಹುದರ ಸೆರಗಿನ ಒಂದು ಭಾಗವನ್ನು ಹತ್ತಿ ಬಟ್ಟೆಗೆ ಕೈಹೊಲಿಗೆಯಿಂದ ಕೂರಿಸಿ, ಗಾಜಿನ ಚೌಕಟ್ಟಿನಲ್ಲಿಟ್ಟು, ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಬಹುದು.

## ಇವನ್ನೂ ನೋಡಿ

* ಇಳಕಲ್ ಸೀರೆ
* ಕಾಂಚೀಪುರಂ ರೇಷ್ಮೆ ಸೀರೆ
* ಕೌದಿ
* ಜರಿ
* ಮೈಸೂರು ರೇಷ್ಮೆ